ಜಾತಕ ಕೇಳಿದ್ದು ಅಮ್ಮನಲ್ಲ, ಮಗಳು

ಹಾಸನದಲ್ಲಿ ಆಪ್ತ ಸಮಾಲೋಚಕಿಯಾಗಿ ಕೂತಿರುವ ನನ್ನ ಹತ್ತಿರ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. (ಗುರುತು ಸಿಗದಂತೆ ವಿವರ ಸ್ವಲ್ಪ ಬದಲಿಸಿದ್ದೇನೆ.) ಮಗಳಿಗೆ 28. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹುಡುಗನೂ ಅಲ್ಲೇ ಎಂಜಿನಿಯರ್, ಮನೆ ಮೂಡಿಗೆರೆ ಕಡೆ, ಕಾಫಿ ತೋಟ. ನೋಡುವ ಶಾಸ್ತ್ರ ಮುಗಿದು ಎರಡೂ ಮನೆಯವರು ಒಪ್ಪಿದ್ದರು. "ನಾವು ಜಾತಕ ಬೇಡ ಅಂದೇ ಇದ್ವಿ ಮೇಡಂ. ಇವಳೇ ಈಗ ಹಿಡಿದು ಕೂತಿದ್ದಾಳೆ" ಎಂದರು ತಾಯಿ.

ಮಗಳು ಮೊಬೈಲ್‌ನಲ್ಲಿ ಜಾತಕ ಕೂಡಿಸುವ ಆಪ್ ತೋರಿಸಿದಳು. ಇವಳದ್ದು ರೋಹಿಣಿ, ಹುಡುಗನದ್ದು ರೇವತಿ. 36ಕ್ಕೆ 18ರ ಆಸುಪಾಸು, ಅಂದರೆ ಪಾಸ್. ಆದರೆ ಕೆಳಗೆ ಕೆಂಪು ಅಕ್ಷರದಲ್ಲಿ 'ನಾಡಿ ದೋಷ'. "ನಂಗೇನೂ ನಂಬಿಕೆ ಇಲ್ಲ ಮೇಡಂ. ಆದ್ರೂ ಯಾಕೆ ರಿಸ್ಕ್ ಅಲ್ವಾ?" ಎಂದಳು.

27 ನಕ್ಷತ್ರಗಳನ್ನು ಒಂಬತ್ತೊಂಬತ್ತರಂತೆ ಆದಿ, ಮಧ್ಯ, ಅಂತ್ಯ ಎಂದು ಮೂರು ನಾಡಿ ಮಾಡಿರುತ್ತಾರೆ. ಆ 36 ಅಂಕ ಹಂಚಿಕೊಂಡಿರುವ ಎಂಟು ಕೂಟಗಳಲ್ಲಿ ಜಾಸ್ತಿ ಅಂಕ ಇದಕ್ಕೇ, 8. ಇಬ್ಬರದ್ದೂ ಒಂದೇ ನಾಡಿಯಾದರೆ ಸೊನ್ನೆ. ಲೆಕ್ಕ ಹಾಕಿ: ಮೂರು ಜೋಡಿಯಲ್ಲಿ ಒಂದಕ್ಕೆ ಹೆಚ್ಚುಕಡಿಮೆ ಈ ದೋಷ ಬಂದೇ ಬರುತ್ತದೆ. ಒಂದೇ ನಾಡಿ ಅಂದರೆ ಒಂದೇ ರಕ್ತದ ಗುಂಪು, ಮಕ್ಕಳಿಗೆ ತೊಂದರೆ ಅಂತ ಓದಿದವರೂ ಹೇಳುವುದುಂಟು. ರಕ್ತದ ಗುಂಪು ಬರುವುದು ಅಪ್ಪ ಅಮ್ಮನಿಂದ, ನಕ್ಷತ್ರದಿಂದಲ್ಲ. ಗಂಡ ಹೆಂಡತಿಯ ಗುಂಪು ಒಂದೇ ಆದರೂ ಮಕ್ಕಳಿಗೆ ಏನೂ ಆಗುವುದಿಲ್ಲ.

ಹುಡುಗ ಹುಟ್ಟಿದ ಹೊತ್ತು ಗೊತ್ತಾದದ್ದು ಹೇಗೆ ಅಂತ ಕೇಳಿದೆ. ಅವನ ಅಜ್ಜಿ ಹೇಳಿದ್ದಂತೆ: ಬೆಳಿಗ್ಗೆ ಹಾಲು ಕರೆಯುವ ಹೊತ್ತು. ಆಪ್‌ಗೆ ಆರು ಗಂಟೆ ಅಂತ ಹಾಕಿದ್ದರು. ಚಂದ್ರ ಒಂದು ನಕ್ಷತ್ರ ದಾಟಲು ಸುಮಾರು ಒಂದು ದಿನ ಬೇಕು, ಹಾಗಾಗಿ ಸಾಮಾನ್ಯವಾಗಿ ಅರ್ಧ ಗಂಟೆ ಆಚೀಚೆಯಾದರೆ ನಡೆಯುತ್ತದೆ. ಆದರೆ ಅವತ್ತು ರೇವತಿ ಮುಗಿಯುವ ಹೊತ್ತೇ ಅದು. ಏಳು ಗಂಟೆ ಅಂತ ಹಾಕಿ ನೋಡು ಅಂದೆ. ಹುಡುಗ ಅಶ್ವಿನಿಗೆ ಬಂದ. ನಾಡಿ ಬೇರೆಯಾಗಿ 8 ಅಂಕ ಸಿಕ್ಕಿತು. ಆದರೆ ರಾಶಿಯೂ ಮೀನದಿಂದ ಮೇಷಕ್ಕೆ ಹೋಯಿತು. ಮೇಷ, ವೃಷಭ ಅಕ್ಕಪಕ್ಕದ ರಾಶಿ, ದ್ವಿದ್ವಾದಶ ಅನ್ನುತ್ತಾರೆ. ರಾಶಿಕೂಟದಲ್ಲಿ ಸಿಕ್ಕಿದ್ದ 7 ಪೂರ್ತಿ ಹೋಯಿತು. ಕೆಂಪು ಅಕ್ಷರ ಒಂದು ಸಾಲಿನಿಂದ ಇನ್ನೊಂದಕ್ಕೆ ಇಳಿಯಿತು, ಅಷ್ಟೇ. ತಾಯಿ ನಕ್ಕರು. ಮಗಳು ನಗಲಿಲ್ಲ.

ಲೆಕ್ಕ ಎಷ್ಟು ಸಡಿಲ ಅಂತ ತೋರಿಸಿದರೆ ಸಾಕು, ಬಿಟ್ಟುಬಿಡುತ್ತಾರೆ ಅಂತ ಮೊದಮೊದಲು ನಾನೂ ಅಂದುಕೊಂಡಿದ್ದೆ. ಬಿಡುವುದಿಲ್ಲ. ಈಗ ತಾಯಿಯನ್ನು ಹೊರಗೆ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: "36ಕ್ಕೆ 36 ಬಂದ್ರೆ ನಾಳೆನೇ ಹೂಂ ಅಂತೀಯಾ?" ನಿಜವಾಗಿ ನಂಬುವವರು ತಕ್ಷಣ ಹೂಂ ಅನ್ನುತ್ತಾರೆ. ಅವರ ಜತೆ ನಾನು ವಾದಕ್ಕೆ ಇಳಿಯುವುದಿಲ್ಲ, ಒಳ್ಳೆಯ ಜೋಯಿಸರ ಹತ್ತಿರ ಹೋಗಿ ಅನ್ನುತ್ತೇನೆ. ಇವಳು ಸುಮ್ಮನೆ ಕೂತಳು. ಆಮೇಲೆ ಹೇಳಿದಳು: "ಅವ್ರು ಯಾವತ್ತಾದ್ರೂ ತೋಟಕ್ಕೆ ವಾಪಸ್ ಹೋದ್ರೆ ನನ್ನ ಕೆಲಸ ಏನಾಗುತ್ತೆ ಮೇಡಂ?"

ಕೇಳಲಿಲ್ಲವಾ ಅಂದೆ. ಹೇಗೆ ಕೇಳುವುದು? ಮಾತಾಡಲು ಬಿಟ್ಟಿದ್ದು ಜಗಲಿಯಲ್ಲಿ ಇಪ್ಪತ್ತು ನಿಮಿಷ, ಒಳಗಿನಿಂದ ಕೇಸರಿಬಾತು ಬರುವವರೆಗೆ. ಮೊದಲನೇ ಭೇಟಿಯಲ್ಲೇ ಸಾಲ ಎಷ್ಟಿದೆ, ಕುಡಿಯುತ್ತೀರಾ, ಎಲ್ಲಿರುತ್ತೀರಿ ಅಂತ ಕೇಳಿದರೆ ನಮ್ಮ ಕಡೆ 'ಹುಡುಗಿ ಜೋರು' ಅನ್ನುತ್ತಾರೆ. ಜಾತಕ ಕೇಳಿದರೆ ಯಾರೂ ಏನೂ ಅನ್ನುವುದಿಲ್ಲ. ಬೇಡ ಅನ್ನುವುದಕ್ಕೂ ಅದೇ ಸುಲಭದ ದಾರಿ. ಹುಡುಗನ ತಪ್ಪಿಲ್ಲ, ಹುಡುಗಿಯ ತಪ್ಪಿಲ್ಲ, ನಾಳೆ ಯಾರದೋ ಮದುವೆಯಲ್ಲಿ ಎದುರು ಸಿಕ್ಕರೆ ಮುಖ ತಿರುಗಿಸಬೇಕಾಗಿಲ್ಲ. ನನ್ನ ಹತ್ತಿರ ಬರುವ ಓದಿದ ಹುಡುಗ ಹುಡುಗಿಯರಲ್ಲಿ ಗ್ರಹಕ್ಕೆ ಹೆದರುವವರಿಗಿಂತ ಈ ಕಾರಣಕ್ಕೆ ಜಾತಕ ಹಿಡಿಯುವವರೇ ಜಾಸ್ತಿ. ಯಾವಾಗ ಕೇಳಿದರು ಅನ್ನುವುದನ್ನು ಗಮನಿಸಿದರೆ ಗೊತ್ತಾಗುತ್ತದೆ. ನಂಬುವವರು ಹುಡುಗನ ಫೋಟೋ ನೋಡುವ ಮೊದಲೇ ಜಾತಕ ಕೇಳುತ್ತಾರೆ. ಇವರು ಎಲ್ಲ ಮುಗಿದ ಮೇಲೆ ಕೇಳುತ್ತಾರೆ.

ಈ ಉಪಾಯ ಕೈಕೊಡುವುದೂ ಉಂಟು. ಚಿಕ್ಕಮಗಳೂರಿನ ಒಬ್ಬ ಹುಡುಗ ಹೀಗೇ ಜಾತಕ ಕೂಡಲಿಲ್ಲ ಅಂತ ತಪ್ಪಿಸಿಕೊಂಡ. ಹುಡುಗಿಯ ತಂದೆ ವಾರದೊಳಗೆ ಇನ್ನೊಬ್ಬ ಜೋಯಿಸರಿಂದ ದೋಷ ಪರಿಹಾರ ಬರೆಸಿಕೊಂಡು ಬಂದರು. ಆಗ ಅವನಿಗೆ ಬಾಯೇ ಇಲ್ಲ.

ಇವಳಿಗೆ ನಾನು ಮಾಡಿಸಿದ್ದು ಇಷ್ಟೇ. ಮೂರು ಪ್ರಶ್ನೆ ಬರೆಸಿದೆ: ತೋಟಕ್ಕೆ ಯಾವಾಗ ವಾಪಸ್, ನನ್ನ ಕೆಲಸ ಏನು ಮಾಡೋದು, ಅತ್ತೆ ಮಾವ ಯಾರ ಜತೆ ಇರುತ್ತಾರೆ. ಹುಡುಗನಿಗೆ ನೇರ ಫೋನ್ ಮಾಡು ಅಂದೆ. ಮುಕ್ಕಾಲು ಗಂಟೆ ಮಾತಾಡಿದರಂತೆ. ಅವನು ಒಳ್ಳೆಯವನು, ಮುಚ್ಚಿಡಲಿಲ್ಲ. ಎರಡು ವರ್ಷದಲ್ಲಿ ಊರಿಗೆ ಹೋಗುವುದು ಖಂಡಿತ ಎಂದ. ಇವಳಿಗೆ ಅದು ಆಗದ ಮಾತು. ಇಬ್ಬರೂ ಬೇಡ ಅಂತ ತೀರ್ಮಾನಿಸಿದರು.

ಮನೆಯವರಿಗೆ ಏನು ಕಾರಣ ಕೊಟ್ಟಿರಿ ಅಂತ ಕೇಳಿದೆ.

"ಜಾತಕ ಕೂಡಿ ಬರ್ಲಿಲ್ಲ ಅಂದ್ವಿ ಮೇಡಂ. ಅವ್ರೇ ಹಾಗೆ ಹೇಳೋಣ ಅಂದ್ರು."