ಒಂದು ಓಮ್ ಬಂದ್ರೆ ಸಾಕಾ? ಟಿಸಿ ಅಂಗಳದ ಅರ್ಥಿಂಗ್ ಲೆಕ್ಕ ಬಂದ ದಾರಿ

ಎಲೆಕ್ಟ್ರಿಕಲ್ ಇನ್ಸ್‌ಪೆಕ್ಷನ್ ಇರುವ ದಿನ ಬೆಳಿಗ್ಗೆ ಅಪಾರ್ಟ್‌ಮೆಂಟಿನ ವಾಚ್‌ಮನ್ ಬಕೆಟ್ ಹಿಡಿದು ಹೊರಡುತ್ತಾನೆ. ಅರ್ಥ್ ಪಿಟ್ಟಿನ ಮುಚ್ಚಳ ತೆಗೆದು, ಕೊಳವೆಯ ಬಾಯಿಗೆ ನೀರು ಸುರಿಯುತ್ತಾನೆ. ಹನ್ನೊಂದು ಗಂಟೆಗೆ ತಡೆ ಅಳೆಯುವ ಅರ್ಥ್ ಮೆಗ್ಗರ್ ಹಚ್ಚಿದಾಗ ಮುಳ್ಳು ಒಂದು ಓಮ್ ಹತ್ತಿರ ನಿಲ್ಲುತ್ತದೆ. ಎಲ್ಲರಿಗೂ ಸಮಾಧಾನ. ನಾನೂ ಹಲವು ಸಲ ಹಾಗೆ ಸಮಾಧಾನಪಟ್ಟವನೇ.

ಆದರೆ ಆ ಒಂದು ಓಮ್ ಟಿಸಿಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು, ಮುಟ್ಟಿ ನಿಂತವನ ಬಗ್ಗೆ ಏನೂ ಹೇಳುವುದಿಲ್ಲ. ಪಿಟ್ಟಿಗೂ ಭೂಮಿಗೂ ನಡುವಿನ ತಡೆ ಎಷ್ಟು ಅಂತ ಹೇಳುತ್ತದೆ, ಅಷ್ಟೇ.

ತಡೆಯ ಲೆಕ್ಕಕ್ಕೆ ವಯಸ್ಸಾಗಿದೆ. 1915ರಲ್ಲಿ ಅಮೆರಿಕದ ಫ್ರಾಂಕ್ ವೆನ್ನರ್ ನಾಲ್ಕು ಕಡ್ಡಿಗಳನ್ನು ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ ನೆಟ್ಟು ಮಣ್ಣು ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುವ ವಿಧಾನ ಕೊಟ್ಟರು. ಇವತ್ತಿಗೂ ಅದೇ ಬಳಕೆಯಲ್ಲಿದೆ. ಕಡ್ಡಿಗಳ ನಡುವೆ 3 ಮೀಟರ್ ಬಿಟ್ಟು ಮೀಟರ್ 5.3 ಓಮ್ ತೋರಿಸಿದರೆ, ಮಣ್ಣಿನ ರೆಸಿಸ್ಟಿವಿಟಿ ಸುಮಾರು 100 ಓಮ್-ಮೀಟರ್. 1936ರಲ್ಲಿ ಡ್ವೈಟ್ ಎಂಬವರು ರಾಡ್, ತಟ್ಟೆ, ಹೂತ ಪಟ್ಟಿಗಳ ತಡೆಗೆ ಸೂತ್ರಗಳನ್ನು ಒಟ್ಟು ಮಾಡಿದರು. ಅಲ್ಲಿಯವರೆಗೂ ಪ್ರಶ್ನೆ ಒಂದೇ: ತಡೆ ಎಷ್ಟು ಕಡಿಮೆ ಮಾಡಬಹುದು?

ಪ್ರಶ್ನೆ ಬದಲಾಗಿದ್ದು ಮನುಷ್ಯನ ಮೈ ಲೆಕ್ಕಕ್ಕೆ ಬಂದಾಗ. ಬರ್ಕ್ಲಿಯ ಚಾರ್ಲ್ಸ್ ಡಾಲ್ಜಿಯಲ್ ಕರೆಂಟ್ ಮೈಗೆ ಏನು ಮಾಡುತ್ತದೆ ಅಂತ ವರ್ಷಗಟ್ಟಲೆ ಪ್ರಯೋಗ ಮಾಡಿದರು. ತಂತಿ ಹಿಡಿದ ಕೈ ಯಾವ ಹಂತದವರೆಗೆ ಬಿಡಿಸಿಕೊಳ್ಳಬಲ್ಲದು ಅಂತ ಸ್ವಯಂಸೇವಕರ ಮೇಲೆ ನೋಡಿದರು. ಹೃದಯದ ಬಡಿತ ತಪ್ಪುವ ಹಂತವನ್ನು ಪ್ರಾಣಿಗಳ ಪ್ರಯೋಗಗಳಿಂದ ಅಂದಾಜು ಮಾಡಿದರು. ಅದರಿಂದ ಬಂದ ನಿಯಮ ಸರಳ. 50 ಕಿಲೋ ತೂಕದವರು ತಡೆದುಕೊಳ್ಳಬಹುದಾದ ಕರೆಂಟ್ ಅಂದರೆ 0.116 ಆಂಪಿಯರನ್ನು ಸಮಯದ ವರ್ಗಮೂಲದಿಂದ ಭಾಗಿಸಿದಷ್ಟು. ಬ್ರೇಕರ್ ಬೇಗ ಬಿದ್ದಷ್ಟೂ ಮಿತಿ ಜಾಸ್ತಿ. 1961ರಲ್ಲಿ ಬಂದ ಅಮೆರಿಕದ ಸಬ್‌ಸ್ಟೇಷನ್ ಅರ್ಥಿಂಗ್ ಗೈಡ್ ನಂಬರ್ 80 ಇದೇ ದಾರಿ ಹಿಡಿಯಿತು. ಈಗ ಅದರ ಹೆಸರು ಐಇಇಇ 80.

ಆಗ ಎರಡು ವೋಲ್ಟೇಜ್‌ಗಳು ಮುಖ್ಯವಾದವು. ಟಿಸಿಯ ಮೈ ಮುಟ್ಟಿದ ಕೈಗೂ ಒಂದು ಮೀಟರ್ ಆಚೆಯ ಪಾದಕ್ಕೂ ನಡುವಿನದು ಟಚ್ ವೋಲ್ಟೇಜ್. ಒಂದು ಹೆಜ್ಜೆಯಷ್ಟು ದೂರದ ಎರಡು ಪಾದಗಳ ನಡುವಿನದು ಸ್ಟೆಪ್ ವೋಲ್ಟೇಜ್. ಮಳೆಗಾಲದಲ್ಲಿ ಕಂಬದ ಹತ್ತಿರ ಹಸು ಸತ್ತು, ಹಿಂದೆ ಬರುತ್ತಿದ್ದವರು ಬದುಕಿದ ಸುದ್ದಿ ಓದಿರುತ್ತೀರಿ ಅಲ್ವಾ? ಹಸುವಿನ ಮುಂಗಾಲು ಹಿಂಗಾಲುಗಳ ಅಂತರ ನಮ್ಮ ಹೆಜ್ಜೆಗಿಂತ ದೊಡ್ಡದು, ಕರೆಂಟ್ ದಾರಿಯಲ್ಲಿ ಎದೆಯೂ ಸಿಗುತ್ತದೆ.

ನಮ್ಮಲ್ಲಿ ಅರ್ಥಿಂಗಿನ ಮಾನದಂಡ ಐಎಸ್ 3043 ಮೊದಲು ಬಂದಿದ್ದು 1966ರಲ್ಲಿ. 1987ರಲ್ಲಿ, ಆಮೇಲೆ 2018ರಲ್ಲಿ ಪರಿಷ್ಕರಣೆ ಆಯಿತು. ಇಷ್ಟಾದರೂ ಸೈಟಿನ ಮಾತು ಮಾತ್ರ ಇದ್ದಿಲು, ಉಪ್ಪು, ತಟ್ಟೆ, ಒಂದು ಓಮ್. ಕಾರಣ ಊಹಿಸುವುದು ಕಷ್ಟವಲ್ಲ. ಓಮ್ ಅಳೆಯೋಕೆ ಪೆಟ್ಟಿಗೆ ಇದೆ. ಟಚ್ ವೋಲ್ಟೇಜಿಗೆ ಕೂತು ಲೆಕ್ಕ ಹಾಕಬೇಕು.

ಸರಿ, ಒಂದು ಲೆಕ್ಕ ಹಾಕೋಣ. ಅಪಾರ್ಟ್‌ಮೆಂಟಿನ ಮೂಲೆಯಲ್ಲಿ 11 ಕೆವಿ ಟಿಸಿ, 9 ಮೀಟರ್ ಚೌಕದ ಅಂಗಳ ಅಂತ ಇಟ್ಟುಕೊಳ್ಳಿ. ಮಣ್ಣು ಮೇಲೆ ಹೇಳಿದ 100 ಓಮ್-ಮೀಟರಿನದೇ. 60 ಸೆಂಟಿಮೀಟರ್ ಆಳದಲ್ಲಿ 50×6 ಜಿಐ ಪಟ್ಟಿಯನ್ನು 3 ಮೀಟರಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಹಾಕಿ, ಜಾಲರಿಯಂತೆ ವೆಲ್ಡ್ ಮಾಡಿದ್ದೇವೆ. ಒಟ್ಟು 72 ಮೀಟರ್ ಪಟ್ಟಿ. ಅಂಚಿನಲ್ಲಿ 3 ಮೀಟರಿನ ಎಂಟು ರಾಡ್.

ಈ ಗ್ರಿಡ್ಡಿನ ತಡೆ ಸುಮಾರು 5.4 ಓಮ್ ಬರುತ್ತದೆ. ಇನ್ಸ್‌ಪೆಕ್ಟರ್ ಹುಬ್ಬೇರಿಸುತ್ತಾರೆ! ಇರಲಿ, ಮುಂದೆ ನೋಡಿ. 11 ಕೆವಿ ಕಡೆ ಅರ್ಥ್ ಫಾಲ್ಟ್ ಆಗಿ, ಎಲ್ಲಾ ಕರೆಂಟೂ ಮಣ್ಣಿನಲ್ಲೇ ವಾಪಸ್ ಹೋಗುತ್ತದೆ ಅನ್ನೋಣ. ಫೇಸ್ ವೋಲ್ಟೇಜ್ 6,350. ಲೈನು ಮತ್ತು ಆ ತುದಿಯ ಸ್ಟೇಷನ್ ಸೇರಿ ಇನ್ನೊಂದು 1.6 ಓಮ್. ಕರೆಂಟ್ ಸುಮಾರು 900 ಆಂಪಿಯರ್. ಐಇಇಇ 80ರ ಸೂತ್ರದಲ್ಲಿ ಟಚ್ ವೋಲ್ಟೇಜ್ ಸುಮಾರು 505, ಸ್ಟೆಪ್ ವೋಲ್ಟೇಜ್ ಸುಮಾರು 650.

ಇದು ಮೈ ತಡೆದುಕೊಳ್ಳಬಹುದಾದ್ದೋ ಅಲ್ಲವೋ? ಬ್ರೇಕರ್ ಅರ್ಧ ಸೆಕೆಂಡಿನಲ್ಲಿ ಬೀಳುತ್ತದೆ ಅಂದುಕೊಂಡರೆ ಟಚ್ ಮಿತಿ ಹೀಗೆ:

```
E_touch = (1000 + 1.5 × Cs × ρs) × 0.116 / √0.5
```

1000 ಅಂದರೆ ಮೈಯ ತಡೆ. ಅದರ ಪಕ್ಕದ್ದು ಪಾದದ ಕೆಳಗಿನ ಪದರದ ಕೊಡುಗೆ: ρs ಆ ಪದರದ ರೆಸಿಸ್ಟಿವಿಟಿ, Cs ಅದರ ದಪ್ಪಕ್ಕೆ ತಕ್ಕ ತಿದ್ದುಪಡಿ. ಬರಿ ಮಣ್ಣಿದ್ದರೆ ಮಿತಿ ಬರೇ 189 ವೋಲ್ಟ್. 505 ಎಲ್ಲಿ, 189 ಎಲ್ಲಿ! ಅದೇ ಅಂಗಳಕ್ಕೆ 10 ಸೆಂಟಿಮೀಟರ್ ದಪ್ಪ ಕಲ್ಲುಜಲ್ಲಿ ಹರಡಿದರೆ ಕತೆ ಬೇರೆ. ಒದ್ದೆ ಜಲ್ಲಿಗೆ 3,000 ಓಮ್-ಮೀಟರ್ ಹಿಡಿದರೆ Cs 0.7, ಮಿತಿ 681ಕ್ಕೆ ಏರುತ್ತದೆ. ಸ್ಟೆಪ್ ಮಿತಿಯೂ 262ರಿಂದ 2,230ಕ್ಕೆ ಹಾರುತ್ತದೆ. 5.4 ಓಮಿನ ಗ್ರಿಡ್ ಎರಡೂ ಪರೀಕ್ಷೆಯಲ್ಲಿ ಪಾಸ್.

ಈಗ ಹಳೇ ಪದ್ಧತಿಯ ಒಂದು ಓಮ್ ನೋಡಿ. ಅಂಗಳದಿಂದ ದೂರ ದೂರ ಪಿಟ್ ತೋಡಿ ಒಂದು ಓಮ್ ಮಾಡಿದ್ದೇವೆ. ತಡೆ ಇಳಿದಿದ್ದಕ್ಕೆ ಕರೆಂಟ್ 2,400 ಆಂಪಿಯರಿಗೆ ಏರಿತು. ಟಿಸಿಯ ಮೈ 2,400 ವೋಲ್ಟಿಗೆ ಎದ್ದಿತು. ಮುಟ್ಟಿ ನಿಂತವನ ಕಾಲಡಿ ಪಟ್ಟಿಯೇ ಇಲ್ಲದ್ದರಿಂದ ಅವನ ಪಾದದ ಮಣ್ಣು ಮೇಲೇಳುವುದಿಲ್ಲ. ಆ 2,400ರಲ್ಲಿ ಹೆಚ್ಚಿನ ಪಾಲು ಅವನ ಮೈಮೇಲೆ. ಗ್ರಿಡ್ ಮಾಡುವ ಕೆಲಸವೇ ಇದು: ಕೈ ಮೇಲೇರಿದಾಗ ಕಾಲನ್ನೂ ಜೊತೆಗೆ ಏರಿಸುವುದು.

ಹಾಗಂತ ನಮ್ಮ ಗ್ರಿಡ್ಡಿಗೆ ಪೂರ್ತಿ ಅಂಕ ಕೊಡಬೇಡಿ. 900 ಆಂಪಿಯರ್, 5.4 ಓಮ್ ಅಂದರೆ ಇಡೀ ಗ್ರಿಡ್ 4,900 ವೋಲ್ಟಿಗೆ ಏರುತ್ತದೆ. ಅಂಗಳದ ಒಳಗೆ ಪರವಾಗಿಲ್ಲ. ಆದರೆ ಇದೇ ಗ್ರಿಡ್ಡಿಗೆ ಕಟ್ಟಿದ ಅರ್ಥ್ ವೈರ್ ಗೇಟಿನ ದೀಪದ ಕಂಬಕ್ಕೋ ತೋಟದ ಪಂಪಿಗೋ ಹೋಗಿದ್ದರೆ, ಆ 4,900ನ್ನು ಅಲ್ಲಿಗೆ ಹೊತ್ತೊಯ್ಯುತ್ತದೆ. ಅಲ್ಲಿ ಕಾಲಡಿ ಜಾಲರಿಯೂ ಇಲ್ಲ, ಜಲ್ಲಿಯೂ ಇಲ್ಲ. ಲೆಕ್ಕದ ಕಾಗದದಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಸಾಲು ಇದೇ.

ಇದಕ್ಕೆ ಮೊದಲ ಮದ್ದು 11 ಕೆವಿ ಕೇಬಲ್ಲಿನ ಆರ್ಮರ್, ಅಂದರೆ ಕೇಬಲ್ ಸುತ್ತಲಿನ ಲೋಹದ ತಂತಿಗಳ ಕವಚ. ಅದು ಎರಡೂ ತುದಿಯಲ್ಲಿ ಸರಿಯಾಗಿ ಅರ್ಥ್ ಆಗಿದ್ದರೆ ಫಾಲ್ಟ್ ಕರೆಂಟಿನ ದೊಡ್ಡ ಪಾಲು ಆರ್ಮರಿನಲ್ಲೇ ವಾಪಸ್ ಹೋಗುತ್ತದೆ, ಮಣ್ಣಿಗಿಳಿಯುವುದು ಉಳಿದದ್ದು ಮಾತ್ರ. ಹಾಗಾಗಿ ಪಿಟ್ಟಿಗಿಂತ ಮೊದಲು ನಾನು ಕೇಬಲ್ ತುದಿಯಲ್ಲಿ ಆರ್ಮರ್ ಹಿಡಿದಿಡುವ ಗ್ಲ್ಯಾಂಡ್ ನೋಡುತ್ತೇನೆ. ಆರ್ಮರ್ ತಂತಿ ಕ್ಲ್ಯಾಂಪಿನಿಂದ ಜಾರಿ ಬರಿದೇ ಜೋತಾಡುತ್ತಿರುವುದು ಅಪರೂಪವಲ್ಲ. ಲೈನು ಪೂರ್ತಿ ಓವರ್‌ಹೆಡ್ ಆಗಿದ್ದರೆ ಈ ಮದ್ದು ಸಿಗುವುದಿಲ್ಲ. ಆಗ ಗ್ರಿಡ್ ದೊಡ್ಡದು ಮಾಡಬೇಕು, ಇಲ್ಲವೇ ಎಲ್‌ಟಿ ನ್ಯೂಟ್ರಲ್ ಅರ್ಥಿಂಗನ್ನು ದೂರದಲ್ಲಿ ಬೇರೆಯಾಗಿ ಮಾಡುವ ಯೋಚನೆ ಮಾಡಬೇಕು.

ಎರಡನೆಯದು ಜಲ್ಲಿ. ಕಟ್ಟುವಾಗ ಹರಡಿರುತ್ತಾರೆ. ಎರಡು ಮಳೆಗಾಲ ಕಳೆದರೆ ಸಂದಿಯಲ್ಲೆಲ್ಲ ಕೆಸರು ತುಂಬಿ ಹುಲ್ಲು ಬೆಳೆಯುತ್ತದೆ. ಆಗ ಕಮಿಟಿಯವರು "ಸುಮ್ನೆ ಗಲೀಜು" ಅಂತ ಎತ್ತಿಸಿ, ಕಾಂಕ್ರೀಟ್ ಹಾಕಿಸುತ್ತಾರೆ. ನೋಡೋಕೆ ಚೆಂದ. ಒದ್ದೆ ಕಾಂಕ್ರೀಟ್ ಮಾತ್ರ ಹೆಚ್ಚುಕಮ್ಮಿ ಮಣ್ಣಿನಂತೆಯೇ ಕರೆಂಟ್ ಬಿಡುತ್ತದೆ. ಒಳಗೆ ಸರಳಿನ ಜಾಲ ಹಾಕಿ ಗ್ರಿಡ್ಡಿಗೆ ಕಟ್ಟಿರದಿದ್ದರೆ 681 ಇದ್ದ ಮಿತಿ ಮತ್ತೆ 189ರ ಆಸುಪಾಸಿಗೆ ಬಂತು. ಮೆಗ್ಗರಿನ ಮುಳ್ಳು ಆ ದಿನವೂ ಹಿಂದಿನ ಜಾಗದಲ್ಲೇ ನಿಂತಿರುತ್ತದೆ.