ಜಂಟಿ ವೆಬಿನಾರ್ ಪ್ರಸ್ತಾವ: ನೋಂದಣಿ ಪಟ್ಟಿ ಯಾರದ್ದು ಅಂತ ಮೊದಲೇ ಬರೆಯಿರಿ

ಜಂಟಿ ವೆಬಿನಾರ್‌ಗೆ ಪ್ರಸ್ತಾವ ಬರೆಯುವಾಗ ವಿಷಯ, ದಿನಾಂಕ, ಮಾತಾಡುವವರು ಎಲ್ಲವನ್ನೂ ಚೆನ್ನಾಗಿ ಬರೆಯುತ್ತೇವೆ. ಆದರೆ ಮನಸ್ತಾಪ ಹುಟ್ಟುವುದು ಬೇರೆ ಕಡೆ. ನೋಂದಾಯಿಸಿದವರ ಹೆಸರು, ಫೋನ್ ನಂಬರ್ ಯಾರಿಗೆ ಸೇರಬೇಕು? ಇದನ್ನೇ ಒಂದು ಉದಾಹರಣೆಯಲ್ಲಿ ನೋಡೋಣ.

ನಮ್ಮದು ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಸಣ್ಣ ಕಂಪನಿ ಅಂತಿಟ್ಟುಕೊಳ್ಳಿ. ಪಾಲುದಾರರು ಬಾರ್‌ಕೋಡ್ ಪ್ರಿಂಟರ್ ಮಾರುವವರು. ಇಬ್ಬರ ಗಿರಾಕಿಯೂ ಬಟ್ಟೆ ಅಂಗಡಿಯವರೇ, ಆದರೆ ಮಾಲು ಬೇರೆ ಬೇರೆ, ಹಾಗಾಗಿ ಪೈಪೋಟಿ ಇಲ್ಲ. ಪತ್ರ ಹೀಗೆ ಶುರುವಾಗಲಿ:

“ನಮಸ್ಕಾರ ಸರ್. ನಿಮ್ಮ ಹತ್ತಿರ ಪ್ರಿಂಟರ್ ತಗೊಂಡ ಅಂಗಡಿಯವರು ಲೇಬಲ್ ಅಳತೆ ಕೂರಿಸೋಕೆ ನಿಮ್ಮ ಸರ್ವಿಸ್‌ನವರಿಗೆ ಮತ್ತೆ ಮತ್ತೆ ಫೋನ್ ಮಾಡ್ತಾರೆ ಅಂತ ಹೇಳಿದ್ರಿ. ಅದನ್ನೇ 45 ನಿಮಿಷದ ವೆಬಿನಾರ್‌ನಲ್ಲಿ ಒಟ್ಟಿಗೆ ತೋರಿಸೋಣ್ವಾ?”

‘ಇಬ್ಬರಿಗೂ ಲಾಭ’ ಅಂತ ಸುಮ್ನೆ ಬರೆದರೆ ಯಾರೂ ಓದುವುದಿಲ್ಲ. ಅವರ ಫೋನ್ ಕಾಲ್ ಕಡಿಮೆಯಾಗುತ್ತೆ ಅಂದರೆ ಓದುತ್ತಾರೆ.

ಆಮೇಲೆ ಕೆಲಸ. ನೋಂದಣಿ ಪುಟ, ನಿರೂಪಣೆ, ರೆಕಾರ್ಡಿಂಗ್ ನಮ್ಮದು. 15 ನಿಮಿಷ ಲೇಬಲ್ ಪ್ರಿಂಟ್ ಮಾಡಿ ತೋರಿಸುವುದು ಅವರ ತಂತ್ರಜ್ಞರದ್ದು. ‘ನೀವೂ ಪ್ರಚಾರ ಮಾಡಿ’ ಅಂತ ಬಿಟ್ಟರೆ ಅದು ಆಗುವುದೇ ಇಲ್ಲ, ಯಾಕಂದರೆ ಅಲ್ಲಿ ಯಾರ ಹೆಸರಿಗೂ ಆ ಕೆಲಸ ಬಿದ್ದಿರುವುದಿಲ್ಲ. ಹತ್ತು ದಿನ ಮುಂಚೆ ಒಂದು, ಹಿಂದಿನ ದಿನ ಒಂದು ವಾಟ್ಸ್ಆ್ಯಪ್ ಸಂದೇಶ, ಕಳಿಸುವವರು ಇಂಥವರು ಅಂತಲೇ ಬರೆಯಿರಿ. ಸಂದೇಶವನ್ನೂ ನಾವೇ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಯಾರ ಕಡೆಯಿಂದ ಎಷ್ಟು ನೋಂದಣಿ ಬಂತು ಅಂತ ಗೊತ್ತಾಗಲು ಇಬ್ಬರಿಗೂ ಬೇರೆ ಬೇರೆ ಲಿಂಕ್ ಕೊಡಿ. ಅವರ ಲಿಂಕ್‌ನ ಕೊನೆಯಲ್ಲಿ ಇದು ಇರಲಿ:

```
?utm_source=printer&utm_medium=whatsapp
```

ಮೊದಲ ಸಂದೇಶದ ದಿನ ದಾಟಿ ಮೂರು ದಿನವಾದರೂ ಈ ಲಿಂಕ್‌ನಿಂದ ಒಂದೂ ನೋಂದಣಿ ಇಲ್ಲ ಅಂದರೆ ಸಂದೇಶ ಹೋಗೇ ಇಲ್ಲ ಅಂತಲೇ ಅನುಮಾನಪಡಬೇಕು. ಆಗಲೇ ಫೋನ್ ಮಾಡಿ.

ಈಗ ಪಟ್ಟಿ. 120 ನೋಂದಣಿ ಬಂದಿದೆ, 80 ನಮ್ಮ ಲಿಂಕ್‌ನಿಂದ, 40 ಅವರದರಿಂದ ಅಂದುಕೊಳ್ಳಿ. ಇಡೀ ಪಟ್ಟಿ ಇಬ್ಬರಿಗೂ ಅಂದರೆ ಒಬ್ಬ ಅಂಗಡಿಯವರಿಗೆ ಒಂದೇ ಬೆಳಿಗ್ಗೆ ಎರಡು ಕಂಪನಿಯಿಂದ ಕಾಲ್ ಹೋಗುತ್ತೆ, ಅವರು ಇಬ್ಬರನ್ನೂ ಬ್ಲಾಕ್ ಮಾಡುತ್ತಾರೆ. ನನಗೆ ಸರಿ ಅನಿಸುವುದು ಇದು: ಯಾರ ಲಿಂಕ್‌ನಿಂದ ಬಂದರೋ ಅವರು ಮೊದಲು ಮಾತಾಡಲಿ, ಇನ್ನೊಬ್ಬರು ಒಂದು ವಾರ ಕಾಯಲಿ.

ಅದಕ್ಕೂ ನೋಂದಾಯಿಸಿದವರ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವಂತೆ ಒಪ್ಪಿಗೆ ಇಂಥದ್ದಕ್ಕೆ ಅಂತ ಸ್ಪಷ್ಟವಾಗಿರಬೇಕು, ಅದನ್ನು ಅವರೇ ಕೊಟ್ಟಿರಬೇಕು. ಹಾಗಾಗಿ ಮೊದಲೇ ಟಿಕ್ ಹಾಕಿಟ್ಟ ಚೌಕ ನಡೆಯುವುದಿಲ್ಲ. ‘ನನ್ನ ನಂಬರನ್ನು ಪ್ರಿಂಟರ್ ಕಂಪನಿಗೂ ಕೊಡಬಹುದು’ ಅಂತ ಬೇರೆಯೇ ಒಂದು ಖಾಲಿ ಚೌಕ ಇಡಿ, ಅಲ್ಲಿ ಕಂಪನಿಯ ಹೆಸರನ್ನೇ ಹಾಕಿ. 80ರಲ್ಲಿ 30 ಜನ ಮಾತ್ರ ಟಿಕ್ ಮಾಡಿದರೆ ಆ 30 ನಂಬರ್ ಮಾತ್ರ ಆ ಕಡೆ ಹೋಗಬೇಕು. ಈ ಲೆಕ್ಕ ಪಾಲುದಾರರಿಗೆ ಪತ್ರದಲ್ಲೇ ಗೊತ್ತಾಗಲಿ, ವೆಬಿನಾರ್ ಮುಗಿದ ಮೇಲೆ ಅಲ್ಲ.