ಜುಲೈ ತಿಂಗಳ ಕಾರವಾರದಲ್ಲಿ ಗುಂಗುರು ಕೂದಲು

ಪಾರ್ಲರ್ ಕೆಲಸ ಕಲಿಯುತ್ತಿರುವ ನಮ್ಮ ಬ್ಯಾಚಿನ ಗೆಳತಿಯರಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ಮಳೆಗಾಲದಲ್ಲಿ ಗುಂಗುರು ಕೂದಲಿನವರು ಕುರ್ಚಿಯಲ್ಲಿ ಕೂತ ಕೂಡಲೇ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಅಕ್ಕಾ, ಮನೆಯಲ್ಲಿ ಸರಿಯಾಗೇ ಇತ್ತು. ಇಲ್ಲಿಗೆ ಬರೋಷ್ಟರಲ್ಲಿ ಹೀಗಾಯ್ತು." ಸದಾಶಿವಗಡದಿಂದ ಅಣ್ಣನ ಸ್ಕೂಟರಿನಲ್ಲಿ ಬರುವ ಕಾಲೇಜು ಹುಡುಗಿಯೊಬ್ಬಳು ಜುಲೈನಲ್ಲಿ ಹೀಗೇ ಹೇಳಿದಳು. ಭುಜದವರೆಗಿನ ಕೂದಲು. ಹಿಂದೆ ಚೆಂದದ ಸುರುಳಿ. ಆದರೆ ಹಣೆ, ಕಿವಿಯ ಮುಂದಿನ ಭಾಗ ಮಾತ್ರ ಹತ್ತಿಯ ಹಾಗೆ ಕೆದರಿಕೊಂಡಿತ್ತು. ಮುಖ ಕಾಣಿಸುವುದೇ ಈ ಭಾಗದಿಂದ, ಅಲ್ವಾ? ಹಾಗಾಗಿ ನಾನು ಇಲ್ಲಿ ಮುಂದಿನ ಕೂದಲಿನ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಅವಳ ದಿನಚರಿ ಕೇಳಿದೆ. ಬೆಳಿಗ್ಗೆ ಏಳಕ್ಕೆ ತಲೆ ಸ್ನಾನ. ಟವೆಲಿನಿಂದ ತಿಕ್ಕಿ ಒರೆಸುವುದು. ಅರೆ ಒಣಗಿದಾಗ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚುವುದು. ಮೇಲೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರುವುದು. ಎಂಟಕ್ಕೆ ಹೊರಟು ಕಾಳಿ ಸೇತುವೆ ದಾಟುವುದು. ಸೇತುವೆಯ ಮೇಲಿನ ಗಾಳಿ ಗೊತ್ತಲ್ಲ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ.

ಇದರಲ್ಲಿ ತಪ್ಪು ಎಲ್ಲಿದೆ ಅಂತ ತಿಳಿಯಲು ಕೂದಲೊಳಗೆ ಏನಾಗುತ್ತದೆ ಅಂತ ನೋಡಬೇಕು. ಕೂದಲಿನ ಒಳಗಿರುವುದು ಕೆರಾಟಿನ್ ಎಂಬ ಪ್ರೋಟೀನ್. ಅದರ ಎಳೆಗಳನ್ನು ಹಿಡಿದಿಡುವ ಬಂಧಗಳಲ್ಲಿ ಒಂದು ಬಗೆ ಹೈಡ್ರೋಜನ್ ಬಂಧ. ನೀರು ತಾಗಿದರೆ ಇದು ಬಿಡುತ್ತದೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತದೆ. ಒಣಗುವ ಹೊತ್ತಿಗೆ ಕೂದಲು ಯಾವ ಆಕಾರದಲ್ಲಿದೆಯೋ ಅದೇ ಆಕಾರ ನಿಲ್ಲುತ್ತದೆ. ರಾತ್ರಿ ಒದ್ದೆ ಜಡೆ ಹಾಕಿ ಮಲಗಿದರೆ ಬೆಳಿಗ್ಗೆ ಅಲೆ ಬರುವುದು ಇದೇ ಕಾರಣಕ್ಕೆ. ಆದರೆ ಆ ಬಂಧ ಗಟ್ಟಿಯದ್ದಲ್ಲ. ಗಾಳಿಯಲ್ಲಿರುವ ತೇವಾಂಶವೂ ಅದನ್ನು ಸಡಿಲಿಸುತ್ತದೆ.

ಸುರುಳಿ ಅಂದರೆ ಹತ್ತಾರು ಕೂದಲು ಒಟ್ಟಿಗೆ ಅಂಟಿಕೊಂಡು ಒಂದೇ ದಾರಿಯಲ್ಲಿ ತಿರುಗುವುದು. ತೇವದ ಗಾಳಿಯಲ್ಲಿ ಒಂದೊಂದು ಕೂದಲೂ ಬೇರೆ ಬೇರೆ ಪ್ರಮಾಣದಲ್ಲಿ ನೀರು ಹೀರುತ್ತದೆ, ತನ್ನದೇ ತಿರುವಿಗೆ ಹೋಗುತ್ತದೆ, ಗುಂಪು ಬಿಡುತ್ತದೆ. ನಾವು ಕೆದರಿದೆ ಅನ್ನುವುದು ಈ ಗುಂಪು ಒಡೆದ ಸ್ಥಿತಿಯನ್ನು. ಕೂದಲು ಒಣಗಿ ಒರಟಾಗಿರುವುದೂ ಒಂದು ಕಾರಣ ಹೌದು, ಆದರೆ ಜುಲೈ ತಿಂಗಳ ಕಾರವಾರದಲ್ಲಿ ನಾನು ಮೊದಲು ನೋಡುವುದು ಗುಂಪು ಯಾವಾಗ ಒಡೆಯಿತು ಎಂಬುದನ್ನು.

ಈ ಹುಡುಗಿಯ ಗುಂಪು ಮೂರು ಸಲ ಒಡೆದಿತ್ತು. ಟವೆಲಿನಲ್ಲಿ ತಿಕ್ಕಿದಾಗ ಒಮ್ಮೆ, ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಇನ್ನೊಮ್ಮೆ, ಪೂರ್ತಿ ಒಣಗದ ಕೂದಲನ್ನು ಸೇತುವೆಯ ಗಾಳಿಗೆ ಕೊಟ್ಟಾಗ ಮತ್ತೊಮ್ಮೆ. ಎಣ್ಣೆಯನ್ನು ಕೊನೆಗೆ ಸವರಿದ್ದರಿಂದ ಆಗಲೇ ಬಿಡಿಯಾಗಿದ್ದ ಕೂದಲಿಗೆ ಹೊಳಪು ಬಂತೇ ಹೊರತು ಅದು ಮತ್ತೆ ಗುಂಪಾಗಲಿಲ್ಲ.

ಮೊದಲು ಆ ಸಣ್ಣ ಕೂದಲನ್ನು ಹತ್ತಿರದಿಂದ ನೋಡಿ

ಹಣೆಯಂಚಿನ ಚಿಕ್ಕ ಕೂದಲೆಲ್ಲ ಒಂದೇ ಅಲ್ಲ. ಒಂದು ಎಳೆಯನ್ನು ಬಿಳಿ ಕಾಗದದ ಎದುರು ಹಿಡಿದು ತುದಿ ನೋಡಿ. ತುದಿ ಚೂಪಾಗಿ ಸಣ್ಣದಾಗುತ್ತಾ ಹೋದರೆ ಅದು ಹೊಸದಾಗಿ ಬೆಳೆಯುತ್ತಿರುವ ಕೂದಲು. ತುದಿ ಮೊಂಡಾಗಿ, ಸೀಳಿಕೊಂಡಿದ್ದರೆ ಮುರಿದದ್ದು. ನಡುವೆ ಚಿಕ್ಕ ಬಿಳಿ ಚುಕ್ಕೆ ಕಂಡರೆ ಅಲ್ಲಿ ಮುರಿಯಲು ತಯಾರಾಗಿದೆ ಅಂತ ಅರ್ಥ. ಮುರಿದದ್ದು ಜಾಸ್ತಿ ಇದ್ದರೆ ಯಾವ ಜೆಲ್ ಹಚ್ಚಿದರೂ ತಾತ್ಕಾಲಿಕ. ಬಿಗಿಯಾಗಿ ಹಿಂದಕ್ಕೆ ಎಳೆದು ಕಟ್ಟುವುದನ್ನು, ಸ್ಟ್ರೈಟನರ್ ಬಳಸುವುದನ್ನು ಮೊದಲು ನಿಲ್ಲಿಸಬೇಕು. ಹಣೆಯಂಚಿನ ಕೂದಲು ತೆಳುವಾಗುತ್ತಾ ಹಿಂದೆ ಸರಿಯುತ್ತಿದ್ದರೆ ಚರ್ಮದ ಡಾಕ್ಟರ ಹತ್ತಿರ ಕಳಿಸಿ. ಅದು ನಮ್ಮ ಕೆಲಸವಲ್ಲ.

ಇವಳಲ್ಲಿ ನನಗೆ ಕಂಡದ್ದು ಬೇರೆ. ತುದಿಗಳು ಮೊಂಡಾಗಿದ್ದವು, ಆದರೆ ಸೀಳಿರಲಿಲ್ಲ. ಉದ್ದವೂ ಹೆಚ್ಚುಕಡಿಮೆ ಒಂದೇ. ಕತ್ತರಿಸಿದ ಕೂದಲು ಅದು. ಏಪ್ರಿಲ್‌ನಲ್ಲಿ ಇವಳ ಕೂದಲು ದಪ್ಪವಾಯ್ತು ಅಂತ ತಿನ್ನಿಂಗ್ ಕತ್ತರಿ ಹಾಕಿದವಳು ನಾನೇ. ನೇರ ಕೂದಲಿಗೆ ಆ ಕತ್ತರಿ ಸರಿ. ಗುಂಗುರು ಕೂದಲಿನಲ್ಲಿ ಅದು ಪ್ರತಿ ಸುರುಳಿಯ ಒಳಗೂ ಗಿಡ್ಡ ಕೂದಲು ಬಿಟ್ಟು ಹೋಗುತ್ತದೆ. ಆ ಗಿಡ್ಡ ಕೂದಲು ಉದ್ದದ್ದರ ಜೊತೆ ತಿರುಗಲಾರದೆ ಹೊರಗೆ ಚಾಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅಷ್ಟಾಗಿ ಕಾಣಲಿಲ್ಲ, ಮಳೆ ಹಿಡಿದ ಕೂಡಲೇ ಎದ್ದು ನಿಂತಿತು. ಅವಳಿಗೆ ಹಾಗೇ ಹೇಳಿದೆ. ಈಗ ಗುಂಗುರು ಕೂದಲಿಗೆ ಆ ಕತ್ತರಿಯನ್ನು ಮುಟ್ಟುವುದಿಲ್ಲ.

ಕತ್ತರಿಯ ಬಗ್ಗೆ ಇನ್ನೊಂದು ಮಾತು. ಮುಂದಿನ ಕೂದಲನ್ನು ಒದ್ದೆಯಿದ್ದಾಗ ಅಳೆದು ಕತ್ತರಿಸಬೇಡಿ. ಇವಳ ಮುಂದಿನ ಸುರುಳಿ ಒದ್ದೆಯಲ್ಲಿ ಗಲ್ಲಕ್ಕಿಂತ ಎರಡು ಬೆರಳು ಕೆಳಗಿತ್ತು. ಒಣಗಿದಾಗ ಕೆನ್ನೆಯ ಮೂಳೆಯ ಹತ್ತಿರ ಬಂದು ನಿಂತಿತು. ಒದ್ದೆಯಲ್ಲೇ ಗಲ್ಲದ ಅಳತೆಗೆ ಕತ್ತರಿಸಿದ್ದರೆ ಕಣ್ಣಿನ ಹತ್ತಿರ ಹೋಗುತ್ತಿತ್ತು. ಸುರುಳಿ ಒಣಗಿ ಅದರ ಜಾಗದಲ್ಲಿ ಕೂತ ಮೇಲೆ, ಒಂದೊಂದನ್ನೇ ನೋಡಿ ತುದಿ ತೆಗೆಯಬೇಕು.

ಅವತ್ತು ಮಾಡಿದ್ದು

ಎಣ್ಣೆಯನ್ನು ಕೊನೆಯಿಂದ ಮೊದಲಿಗೆ ತಂದೆವು. ತೊಳೆಯುವ ಒಂದು ಗಂಟೆ ಮುಂಚೆ ಎರಡು ಚಮಚ ಕೊಬ್ಬರಿ ಎಣ್ಣೆ, ಬುಡಕ್ಕಿಂತ ಉದ್ದಕ್ಕೆ. ಕೊಬ್ಬರಿ ಎಣ್ಣೆಯಲ್ಲಿರುವ ಲಾರಿಕ್ ಆಮ್ಲ ಕೂದಲಿನ ಒಳಗೆ ಇಳಿಯುತ್ತದೆ. ಆಗ ತೊಳೆಯುವಾಗ ಕೂದಲು ಉಬ್ಬುವುದು ಕಮ್ಮಿ, ಪ್ರೋಟೀನ್ ಕಳೆದುಕೊಳ್ಳುವುದೂ ಕಮ್ಮಿ. ನಮ್ಮೂರಲ್ಲಿ ಇದು ಎಲ್ಲರ ಮನೆಯಲ್ಲೂ ಇದೆ, ಹಚ್ಚುವ ಹೊತ್ತು ಮಾತ್ರ ಬದಲಾಗಬೇಕು.

ಶಾಂಪೂ ತಲೆಬುಡಕ್ಕೆ ಮಾತ್ರ. ಕಂಡಿಷನರ್ ಉದ್ದಕ್ಕೆ. ಅದು ಕೂದಲಿನಲ್ಲಿ ಇರುವಾಗಲೇ ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿದೆ. ಬಾಚುವುದು ಅಲ್ಲಿಗೆ ಮುಗಿಯಿತು. ಬೈತಲೆಯನ್ನೂ ಆಗಲೇ ತೆಗೆದೆ, ಒಣಗಿದ ಮೇಲೆ ಬೈತಲೆ ಬದಲಿಸಿದರೆ ಮುಂದಿನ ಸುರುಳಿಗಳೇ ಮೊದಲು ಒಡೆಯುತ್ತವೆ.

ಜೆಲ್‌ಗೆ ಅಗಸೆ ಬೀಜ ಬಳಸಿದೆ. ಕಾಲು ಕಪ್ ಬೀಜ, ಎರಡು ಕಪ್ ನೀರು. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಏಳೆಂಟು ನಿಮಿಷ. ಚಮಚ ಎತ್ತಿದಾಗ ಮೊಟ್ಟೆಯ ಬಿಳಿಯ ಹಾಗೆ ಎಳೆ ಎಳೆಯಾಗಿ ಇಳಿದರೆ ಸಾಕು. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ಆರಿದರೆ ಗಟ್ಟಿಯಾಗಿ ಬಟ್ಟೆಯಿಂದ ಇಳಿಯುವುದೇ ಇಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ವಾಸನೆ ಬಂದರೆ ಚೆಲ್ಲಿಬಿಡಿ.

ನೀರು ತೊಟ್ಟಿಕ್ಕುತ್ತಿರುವಾಗಲೇ ಜೆಲ್ ಹಚ್ಚಬೇಕು. ಮುಂದಿನ ಕೂದಲು ತೆಳು, ಬೇಗ ಒಣಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡಿ. ಕಿವಿಯ ಮುಂದಿನ ಕೂದಲನ್ನು ಒಂದೊಂದು ಬದಿಗೆ ಮೂರು ಭಾಗ ಮಾಡಿದೆ. ಪ್ರತಿ ಭಾಗಕ್ಕೂ ಕಡಲೆಯಷ್ಟು ಜೆಲ್. ಬೆರಳಿಗೆ ಸುತ್ತಿ ಮೆಲ್ಲಗೆ ಬಿಟ್ಟೆ. ಹಣೆಯ ಹತ್ತಿರದ ಸುರುಳಿಯನ್ನು ಮುಖದಿಂದ ಹೊರಗೆ ತಿರುಗಿಸಿದೆ, ಮುಖ ತೆರೆದು ಕಾಣಲಿ ಅಂತ. ಕಿವಿಯ ಹತ್ತಿರದ್ದನ್ನು ಒಳಕ್ಕೆ ತಿರುಗಿಸಿದೆ, ಯಾಕೆಂದರೆ ಅವಳಿಗೆ ದವಡೆ ಸ್ವಲ್ಪ ಮೃದುವಾಗಿ ಕಾಣಬೇಕಿತ್ತು. ಹಣೆಯಂಚಿನ ಗಿಡ್ಡ ಕೂದಲಿಗೆ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಒಂದಿಷ್ಟು ಜೆಲ್, ಬೆಳೆಯುವ ದಿಕ್ಕಿಗೇ ಸವರಿ ಹತ್ತು ನಿಮಿಷ ಹತ್ತಿ ಬಟ್ಟೆ ಕಟ್ಟಿದೆ. ಹಿಂದಿನ ಕೂದಲಿಗೆ ಸುಮ್ನೆ ಅಂಗೈಯಲ್ಲಿ ಹಿಡಿದು ಮೇಲಕ್ಕೆ ಒತ್ತಿದರೆ ಸಾಕಾಯ್ತು. ಉಳಿದ ನೀರನ್ನು ಹಳೆ ಪಂಚೆಯಲ್ಲಿ ಒತ್ತಿ ತೆಗೆದೆ. ತಿಕ್ಕಲಿಲ್ಲ.

ಒಣಗಿಸುವುದೇ ಇಲ್ಲಿ ಕಷ್ಟದ ಭಾಗ. ಮಳೆಗಾಲದಲ್ಲಿ ತಾನಾಗಿ ಒಣಗಲು ಮೂರು ನಾಲ್ಕು ಗಂಟೆ ಬೇಕು, ಅಷ್ಟು ಹೊತ್ತು ಮುಟ್ಟದೆ ಯಾರು ಇರುತ್ತಾರೆ? ಡಿಫ್ಯೂಸರ್ ಹಾಕಿದ ಡ್ರೈಯರ್, ಕಮ್ಮಿ ಬಿಸಿ, ಕಮ್ಮಿ ವೇಗ. ಫ್ಯಾನಿನ ಕೆಳಗೆ ಕೂರಿಸಬೇಡಿ. ಒಣಗಿದಂತೆ ಜೆಲ್ ಗಟ್ಟಿಯಾಗಿ ಕೂದಲು ಕಡ್ಡಿಯ ಹಾಗಾಗುತ್ತದೆ. ಹುಡುಗಿ ಗಾಬರಿಯಾದಳು. ಆ ಗಟ್ಟಿತನವೇ ಸುರುಳಿಯನ್ನು ಕಾಯುವುದು. ಕುತ್ತಿಗೆಯ ಹತ್ತಿರ ಬುಡಕ್ಕೆ ಬೆರಳಿಟ್ಟು ನೋಡಿ, ತಣ್ಣಗಿದ್ದರೆ ಇನ್ನೂ ಒದ್ದೆ. ಅಲ್ಲೂ ಒಣಗಿದ ಮೇಲೆ ಅಂಗೈಗೆ ಎರಡು ಹನಿ ಎಣ್ಣೆ ಸವರಿಕೊಂಡು ಸುರುಳಿಗಳನ್ನು ಹಿಚುಕಿದರೆ ಗಟ್ಟಿತನ ಒಡೆದು ಮೆತ್ತಗಾಗುತ್ತದೆ. ಅದಕ್ಕೂ ಮುಂಚೆ ಹಿಚುಕಿದರೆ ಎಲ್ಲ ಕೆದರಿ, ಮತ್ತೆ ತೊಳೆಯುವುದೇ ಗತಿ.

ಎಷ್ಟು ಹೊತ್ತು ನಿಂತಿತು ಅಂತ ಅವಳನ್ನೇ ಗಮನಿಸಲು ಹೇಳಿದ್ದೆ. ಮಧ್ಯಾಹ್ನದವರೆಗೆ ಚೆನ್ನಾಗಿತ್ತು, ಎರಡು ಗಂಟೆಗೆ ಹಣೆಯ ಹತ್ತಿರ ಸಡಿಲವಾಯ್ತು ಅಂದಳು. ಅಗಸೆ ಜೆಲ್ ಕೂಡ ಗಾಳಿಯ ನೀರು ಹೀರಿ ಮೆತ್ತಗಾಗುತ್ತದೆ, ಅದರ ಮಿತಿ ಅಷ್ಟೇ. ಅಂಗಡಿಯ ಜೆಲ್ ತೆಗೆದುಕೊಳ್ಳುವುದಾದರೆ ಡಬ್ಬಿಯ ಹಿಂದೆ ಓದಿ. ಸುರುಳಿಯನ್ನು ಹಿಡಿದಿಡುವ ಪದಾರ್ಥವಾಗಿ ಪಿವಿಪಿ ಮಾತ್ರ ಇರುವುದಕ್ಕಿಂತ ವಿಪಿ/ವಿಎ ಕೊಪಾಲಿಮರ್ ಇರುವುದು ತೇವಕ್ಕೆ ಹೆಚ್ಚು ತಡೆಯುತ್ತದೆ. ಗ್ಲಿಸರಿನ್ ಮೊದಲ ನಾಲ್ಕೈದು ಹೆಸರುಗಳಲ್ಲಿದ್ದರೆ ಮಳೆಗಾಲಕ್ಕೆ ಬೇಡ, ಅದು ಗಾಳಿಯ ನೀರನ್ನು ಕೂದಲಿಗೆ ಎಳೆಯುತ್ತದೆ. ಸಡಿಲವಾದ ಸುರುಳಿಗೆ ಬಾಚಣಿಗೆ ಹಾಕಬಾರದು. ಬೆರಳು ಒದ್ದೆ ಮಾಡಿ ಆ ಒಂದು ಸುರುಳಿಯನ್ನು ಮಾತ್ರ ಮತ್ತೆ ಸುತ್ತಿ, ಒಣಗುವವರೆಗೆ ಚಿಕ್ಕ ಕ್ಲಿಪ್ ಹಾಕಿಡಬೇಕು. ಸ್ಕೂಟರಿನಲ್ಲಿ ಹೋಗುವಾಗ ತಲೆಗೆ ಸ್ಯಾಟಿನ್ ಬಟ್ಟೆಯ ಸ್ಕಾರ್ಫ್ ಕಟ್ಟಿ, ಅದರ ಮೇಲೆ ಹೆಲ್ಮೆಟ್.

ಇದೇ ಲೆಕ್ಕವನ್ನು ಘಟ್ಟದ ಮೇಲೆ ಹಾಗೇ ಒಯ್ಯಬೇಡಿ. ಡಿಸೆಂಬರ್, ಜನವರಿಯಲ್ಲಿ ಶಿರಸಿಯ ಗಾಳಿ ಒಣಗಿರುತ್ತದೆ. ಅಲ್ಲಿ ಕೂದಲು ಕೆದರುವುದು ಒಳಗಿನ ನೀರು ಕಮ್ಮಿಯಾಗಿ. ಅಲ್ಲಿಗೆ ಜೆಲ್ ಕಮ್ಮಿ, ಕಂಡಿಷನರ್ ಜಾಸ್ತಿ. ಅಲ್ಲಿಯ ಅಜ್ಜಿಯಂದಿರು ದಾಸವಾಳದ ಎಲೆ ಕಿವುಚಿ ತೆಗೆಯುವ ಲೋಳೆ ಈ ಕೆಲಸಕ್ಕೆ ತುಂಬಾ ಒಳ್ಳೆಯದು, ಬಾಚಣಿಗೆ ಜಾರುವ ಹಾಗೆ ಮಾಡುತ್ತದೆ. ಆದರೆ ಬಟ್ಟೆಯಲ್ಲಿ ಸೋಸಿಯೇ ಹಚ್ಚಬೇಕು. ಗುಂಗುರಿನೊಳಗೆ ಎಲೆಯ ಚೂರು ಹೊಕ್ಕರೆ ತೆಗೆಯಲು ಬಾಚಲೇಬೇಕಾಗುತ್ತದೆ, ಸುರುಳಿ ಒಡೆಯುತ್ತದೆ.

ನಾನು ಕತ್ತರಿಸಿದ್ದ ಆ ಗಿಡ್ಡ ಕೂದಲಿಗೆ ಮಾತ್ರ ಕಾಯದೆ ಬೇರೆ ದಾರಿ ಇರಲಿಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಕ್ಟೋಬರ್ ಕೊನೆಗೆ ಅವಳು ಬಂದಾಗ ಕಿವಿಯ ಮುಂದಿನವು ಸುರುಳಿಯೊಳಗೆ ಸೇರಿಕೊಂಡಿದ್ದವು. ಹಣೆಯ ಎಡಬದಿಯಲ್ಲಿ ಒಂದು ಹಿಡಿಯಷ್ಟು ಇನ್ನೂ ಹೊರಗಿತ್ತು.